412.32ಕ್ಕೆ ಆರ್ಡರ್ ರಿಜೆಕ್ಟ್, 187.32ಕ್ಕೆ ಓಕೆ: ಯಾಕೆ?

ಪ್ರಶ್ನೆ: ಒಂದು ಶೇರಿಗೆ 412.32 ಅಂತ ಬೆಲೆ ಹಾಕಿದರೆ ಆರ್ಡರ್ ರಿಜೆಕ್ಟ್ ಆಗುತ್ತೆ. ಇನ್ನೊಂದಕ್ಕೆ 187.32 ಹಾಕಿದರೆ ಹೋಗುತ್ತೆ. ಟಿಕ್ ಸೈಜ್, ಲಾಟ್ ಸೈಜ್ ಅಂದ್ರೆ ಇದೇನಾ? ಇದರಿಂದ ನಮಗೇನಾದ್ರೂ ಖರ್ಚು ಬೀಳುತ್ತಾ?

ರಿಜೆಕ್ಟ್ ಆಗಿದ್ದು ಟಿಕ್ ಸೈಜ್‌ನಿಂದ. ಬೆಲೆ ಒಂದು ಸಲಕ್ಕೆ ಕನಿಷ್ಠ ಎಷ್ಟು ಮೇಲೆ ಕೆಳಗೆ ಹೋಗಬಹುದೋ ಅದೇ ಟಿಕ್. ಎನ್‌ಎಸ್‌ಇಯಲ್ಲಿ 250 ರೂಪಾಯಿಗಿಂತ ಕಡಿಮೆ ಬೆಲೆಯ ಶೇರಿಗೆ ಅದು 1 ಪೈಸೆ, 250ರಿಂದ 1,000ದವರೆಗೆ 5 ಪೈಸೆ. ಹಾಗಾಗಿ ನೀವು 412.30 ಅಥವಾ 412.35 ಹಾಕಬೇಕು, ನಡುವಿನದು ನಡೆಯಲ್ಲ. ಬೆಲೆ ಏರಿದಂತೆ ಟಿಕ್ಕೂ ದೊಡ್ಡದಾಗುತ್ತದೆ. 20,000 ದಾಟಿದ ಶೇರಿಗೆ 5 ರೂಪಾಯಿ. 2025ರ ಏಪ್ರಿಲ್‌ನಿಂದ ಇರುವ ಲೆಕ್ಕ ಇದು. ಶೇರು ಯಾವ ಗುಂಪಿಗೆ ಸೇರುತ್ತದೆ ಅನ್ನೋದನ್ನು ಹಿಂದಿನ ತಿಂಗಳ ಕೊನೆಯ ದಿನದ ಕ್ಲೋಸಿಂಗ್ ಬೆಲೆ ನೋಡಿ ತೀರ್ಮಾನಿಸುತ್ತಾರೆ. ಅಂದರೆ ತಿಂಗಳ ನಡುವೆ 260ರಿಂದ 240ಕ್ಕೆ ಬಿದ್ದ ಶೇರು ಆ ತಿಂಗಳು ಮುಗಿಯುವವರೆಗೂ 5 ಪೈಸೆ ಲೆಕ್ಕದಲ್ಲೇ ಓಡುತ್ತದೆ.

ಈಗ ಖರ್ಚಿನ ವಿಷಯ. ಇದು ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟಿನಲ್ಲಿ ಕಾಣಿಸಲ್ಲ, ಅದಕ್ಕೇ ಜನ ಗಮನಿಸಲ್ಲ. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಒಂದು ಸಂದು ಇರುತ್ತದಲ್ಲ, ಸ್ಪ್ರೆಡ್ ಅಂತೀವಿ, ಅದು ಒಂದು ಟಿಕ್‌ಗಿಂತ ಚಿಕ್ಕದಾಗಲು ಸಾಧ್ಯವೇ ಇಲ್ಲ. 2024ರ ಜೂನ್‌ವರೆಗೆ ಅಗ್ಗದ ಶೇರುಗಳಿಗೂ 5 ಪೈಸೆ ಟಿಕ್ ಇತ್ತು. 8 ರೂಪಾಯಿಯ ಶೇರು ತಗೊಳ್ಳಿ. ಕೊಳ್ಳುವವರು 8.00ಕ್ಕೆ ನಿಂತಿದ್ದಾರೆ, ಮಾರುವವರು 8.05ಕ್ಕೆ. ನೀವು 8.05ರಂತೆ 6,250 ಶೇರು ಕೊಂಡು, ಮನಸ್ಸು ಬದಲಾಯಿಸಿ ತಕ್ಷಣ 8.00ಕ್ಕೆ ಮಾರಿದರೆ 312 ರೂಪಾಯಿ 50 ಪೈಸೆ ಹೋಯಿತು. ಸುಮಾರು 50,000 ರೂಪಾಯಿಯ ವ್ಯವಹಾರ ಇದು. ಇದನ್ನೇ ಕೆಲವು ದಿನ ಇಟ್ಟುಕೊಂಡು ಮಾರಿದ್ದರೂ, ಅಂದರೆ ಡೆಲಿವರಿಯಲ್ಲಿ, ಶೇರು ವ್ಯವಹಾರದ ತೆರಿಗೆ ಎಸ್‌ಟಿಟಿ ಎರಡೂ ಕಡೆ ಸೇರಿ ಹೆಚ್ಚುಕಡಿಮೆ 100 ರೂಪಾಯಿ. ತೆರಿಗೆಗೆ ಗೊಣಗುತ್ತೇವೆ, ಅದರ ಮೂರು ಪಟ್ಟು ಸದ್ದಿಲ್ಲದೆ ಹೋಗಿರುತ್ತದೆ! ಟಿಕ್ 1 ಪೈಸೆ ಆದ ಮೇಲೆ ಇದೇ ಸಂದು 62 ರೂಪಾಯಿ 50 ಪೈಸೆಗೆ ಇಳಿಯಬಹುದು.

'ಇಳಿಯಬಹುದು' ಅಂದೆ, ಯಾಕಂದ್ರೆ ಟಿಕ್ ಬರೀ ಕೆಳಗಿನ ಮಿತಿ. ಎಂಆರ್‌ಎಫ್ ಶೇರು ಲಕ್ಷ ರೂಪಾಯಿಯ ಮೇಲಿದ್ದಾಗ 5 ರೂಪಾಯಿ ಟಿಕ್ ಅಂದರೆ ಲಕ್ಷಕ್ಕೆ 5 ರೂಪಾಯಿಯೂ ಅಲ್ಲ, ಏನೇನೂ ಅಲ್ಲ. ಅಲ್ಲಿ ಸಂದು ಎಷ್ಟಿರುತ್ತೆ ಅನ್ನೋದು ಆ ಹೊತ್ತಿಗೆ ಎಷ್ಟು ಜನ ನಿಂತಿದ್ದಾರೆ ಅನ್ನೋದರ ಮೇಲೆ. ಟಿಕ್ ಚಿಕ್ಕದಾದರೆ ಇನ್ನೊಂದೂ ಆಗುತ್ತದೆ. ಮೊದಲು 8.00ರಲ್ಲಿ ಒಂದೇ ಉದ್ದನೆ ಕ್ಯೂ ಇತ್ತು, ಈಗ ಅದು 7.99, 7.98 ಅಂತ ಹರಡಿಕೊಳ್ಳುತ್ತದೆ. ದೊಡ್ಡ ಆರ್ಡರನ್ನು ಮಾರ್ಕೆಟ್ ಬೆಲೆಗೆ ಬಿಟ್ಟರೆ ನಾಲ್ಕೈದು ಮೆಟ್ಟಿಲು ಇಳಿದೇ ಮುಗಿಯುತ್ತದೆ.

ಲಾಟ್ ಸೈಜ್ ಬೇರೆ. ಒಂದು ಸಲಕ್ಕೆ ಎಷ್ಟು ಶೇರಿನ ಕಟ್ಟು ಅನ್ನೋದು ಅದು. ಮಾಮೂಲಿ ಶೇರಿಗೆ ಲಾಟ್ ಅಂದರೆ 1, ಅದಕ್ಕೇ ನಿಮಗೆ ಗೊತ್ತೇ ಆಗಿರಲ್ಲ. ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ, ಲಾಟ್ 500, ಟಿಕ್ 5 ಪೈಸೆ ಇದ್ದರೆ ಬೆಲೆಯ ಒಂದು ಹೆಜ್ಜೆಗೆ 25 ರೂಪಾಯಿ.

ನನಗೆ ಲಾಟ್ ಪಾಠ ಕಲಿಸಿದ್ದು ಒಂದು ಎಸ್‌ಎಂಇ ಶೇರು, ಅಂದರೆ ಸಣ್ಣ ಕಂಪನಿಗಳ ಪ್ರತ್ಯೇಕ ವಿಭಾಗದ್ದು. ಸುಮಾರು ನೂರು ರೂಪಾಯಿ ಬೆಲೆ, ಲಾಟ್ 1,200. ಮಗಳ ಫೀಸಿಗೆ 40,000 ಬೇಕಿತ್ತು. 400 ಶೇರು ಮಾರಿದರೆ ಸಾಕು ಅಂದುಕೊಂಡೆ, ಆರ್ಡರ್ ಹೋಗಲೇ ಇಲ್ಲ. ಮಾರಿದರೆ ಪೂರ್ತಿ 1,200 ಮಾರಬೇಕು. ಯಾರು ಯಾವ ಬೆಲೆಗೆ ಎಷ್ಟು ಶೇರಿಗೆ ನಿಂತಿದ್ದಾರೆ ಅಂತ ತೋರಿಸುವ ಡೆಪ್ತ್ ಪಟ್ಟಿ ತೆರೆದು ನೋಡಿದೆ. ಮಾರುವವರು 101ರಲ್ಲಿ, ಕೊಳ್ಳುವವರು 98ರಲ್ಲಿ, ಅದೂ ಒಬ್ಬರೇ, ಒಂದೇ ಲಾಟ್. 101ಕ್ಕೆ ಹಾಕಿ ಎರಡು ದಿನ ಕಾದೆ. ಒಂದು ಲಾಟ್ ಅಂದರೆ 1,21,200 ರೂಪಾಯಿ, ಅಷ್ಟು ದುಡ್ಡು ಹಿಡಿದುಕೊಂಡು ಬರುವವರು ಎಷ್ಟು ಜನ? ಫೀಸಿನ ಕೊನೆ ದಿನ 98ಕ್ಕೇ ಕೊಟ್ಟೆ. ಮೂರು ರೂಪಾಯಿ ಅಂತ ಕಾಣುತ್ತೆ, 1,200ರಿಂದ ಗುಣಿಸಿದರೆ 3,600. ಇಲ್ಲಿ ಟಿಕ್ ಎಷ್ಟು ಚಿಕ್ಕದಿದ್ದರೂ ನನಗೆ ಉಪಯೋಗ ಇರಲಿಲ್ಲ, ಲಾಟೇ ಜನರನ್ನು ದೂರ ಇಟ್ಟಿತ್ತು.

ನಿಮ್ಮ 412ರ ಶೇರಿಗೆ ಈ ತಾಪತ್ರಯ ಇಲ್ಲ. 5 ಪೈಸೆ ಅಂದರೆ ಹತ್ತು ಸಾವಿರಕ್ಕೆ ಒಂದು ರೂಪಾಯಿ ಚಿಲ್ಲರೆ. ಆರ್ಡರ್ ಒತ್ತುವ ಮುಂಚೆ ಡೆಪ್ತ್‌ನಲ್ಲಿ ಎರಡೂ ಕಡೆಯ ಮೊದಲ ಸಾಲು ನೋಡಿ. ವ್ಯತ್ಯಾಸ ಬರೀ ಐದು ಪೈಸೆ ಇದ್ದು, ಆ ಸಾಲಿನ ಸಂಖ್ಯೆ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ, 412.35 ಹಾಕಿ ಮುಗಿಸಿ. ಮೂರು ಪೈಸೆಗೆ ಒದ್ದಾಡಬೇಡಿ.