ಕೈ ಬದಲಾಗುವ ಶಾಟ್, ಕಳೆದುಹೋಗುವ ಅರ್ಧ ದಿನ

ಪ್ರಶ್ನೆ: ನಾವು ಮೂವರು ಆ್ಯನಿಮೇಟರ್‌ಗಳು. ಒಬ್ಬರು ಯುಟಿಸಿ+9, ನಾನು ಯುಟಿಸಿ+1, ಲೀಡ್ ಯುಟಿಸಿ−5. ದಿನಾ ವಿಡಿಯೋ ಕಾಲ್ ಮಾಡ್ತೀವಿ. ಆದರೂ ಶಾಟ್ ಕೈ ಬದಲಾದಾಗಲೆಲ್ಲ ಅರ್ಧ ದಿನ ಹಾಳಾಗುತ್ತೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲು ಗಡಿಯಾರ ನೋಡೋಣ. ಮೂವರೂ ತಮ್ಮ ಊರಿನ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಕೆಲಸ ಮಾಡುತ್ತೀರಿ ಅಂದುಕೊಳ್ಳಿ. ಯುಟಿಸಿ ಲೆಕ್ಕದಲ್ಲಿ +9ರವರ ದಿನ 01:00ರಿಂದ 09:00, ನಿಮ್ಮದು 09:00ರಿಂದ 17:00, ಲೀಡ್‌ದು 15:00ರಿಂದ 23:00. ಮೂವರೂ ಒಟ್ಟಿಗೆ ಇರುವ ಹೊತ್ತು ಒಂದು ನಿಮಿಷವೂ ಇಲ್ಲ. ನೀವು ಮತ್ತು ಲೀಡ್ ಸಿಗುವ ಆ ಎರಡು ಗಂಟೆಯಲ್ಲಿ ಕಾಲ್ ಇಟ್ಟರೆ +9ರವರಿಗೆ ಆಗ ಮಧ್ಯರಾತ್ರಿ. ಹಾಗಾಗಿ ಕೆಲಸ ನಿಂತಿರುವುದು ಕಾಲ್ ಮೇಲಲ್ಲ, ನೀವು ಬರೆದಿಟ್ಟು ಹೋಗುವುದರ ಮೇಲೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾಲ್ಕು ಸೆಕೆಂಡಿನ ಶಾಟ್, ಅಂದರೆ 24 ಎಫ್‌ಪಿಎಸ್‌ನಲ್ಲಿ 96 ಫ್ರೇಮ್. ಸೀನ್ ಫೈಲಿನಲ್ಲಿ 1001ರಿಂದ 1096. ಪಾತ್ರ ಬಗ್ಗಿ ಒಂದು ಭಾರದ ಪೆಟ್ಟಿಗೆ ಎತ್ತಬೇಕು. ಲೀಡ್ ಮಲಗುವ ಮುಂಚೆ ‘ಭಾರ ಕಾಣಿಸ್ತಿಲ್ಲ’ ಅಂತ ಬರೆದು ಹೋದರು. ಬೆಳಿಗ್ಗೆ ಶಾಟ್ ಎತ್ತಿಕೊಂಡ ನಾನು ಇಡೀ ದಿನ ಸೊಂಟದ ಕರ್ವ್‌ಗಳನ್ನು ತಿದ್ದಿದೆ. ಲೀಡ್ ಹೇಳಿದ್ದು ಕೈ ಬಗ್ಗೆ! ಆ ನೋಟ್ ಹೀಗಿರಬೇಕಿತ್ತು: ‘1062: ಬೆರಳು ಮುಟ್ಟಿದ ಕೂಡಲೇ ಪೆಟ್ಟಿಗೆ ಮೇಲೇಳುತ್ತಿದೆ. ಮೊದಲು ತೋಳು ನೇರವಾಗಿ ಬಿಗಿಯಾಗಲಿ, ಪೆಟ್ಟಿಗೆ 4 ಫ್ರೇಮ್ ತಡವಾಗಿ ನೆಲ ಬಿಡಲಿ. ಸೊಂಟ ಸರಿಯಿದೆ, ಮುಟ್ಟಬೇಡಿ.’ ಕೊನೆಯ ಮಾತು ತುಂಬಾ ಮುಖ್ಯ. ಏನನ್ನು ಮುಟ್ಟಬಾರದು ಅಂತ ಹೇಳದಿದ್ದರೆ ಚೆನ್ನಾಗಿದ್ದದ್ದೂ ಕೆಡುತ್ತೆ.

ಸಿಂಕ್‌ಸ್ಕೆಚ್, ಕಿಟ್ಸು ಥರದ ರಿವ್ಯೂ ಟೂಲ್‌ಗಳಲ್ಲಿ ಫ್ರೇಮಿನ ಮೇಲೇ ಗೆರೆ ಎಳೆದು ತೋರಿಸಬಹುದು. ಅದನ್ನು ಬಳಸಿ. ಆದರೆ ಒಂದು ಎಚ್ಚರ. ವಿಡಿಯೋದ ಮೊದಲ ಫ್ರೇಮನ್ನು ಕೆಲವು ಪ್ಲೇಯರ್ 0 ಅಂತ ಎಣಿಸುತ್ತವೆ, ಕೆಲವು 1 ಅಂತ. ಲೀಡ್ ‘62’ ಅಂದರೆ ಅದು 1062ಓ 1063ಓ? ಕೈ ಪೆಟ್ಟಿಗೆಗೆ ತಾಗುವ ಜಾಗದಲ್ಲಿ ಒಂದು ಫ್ರೇಮ್ ಕೂಡ ಲೆಕ್ಕಕ್ಕೆ ಬರುತ್ತೆ ಅಲ್ವಾ? ಅದಕ್ಕೆ ಪ್ಲೇಬ್ಲಾಸ್ಟ್ ತೆಗೆಯುವಾಗಲೇ ಸೀನಿನ ಫ್ರೇಮ್ ನಂಬರ್ ಮತ್ತು ವರ್ಷನ್ ನಂಬರ್ ಚಿತ್ರದ ಮೂಲೆಯಲ್ಲಿ ಅಚ್ಚಾಗಿ ಬರುವಂತೆ ಮಾಡಿ. ನೋಟ್ ಬರೆಯುವವರು ಆ ನಂಬರನ್ನೇ ಬರೆಯಲಿ, ಪ್ಲೇಯರ್ ತೋರಿಸುವುದನ್ನಲ್ಲ. ವಿಡಿಯೋ 24ರಲ್ಲೇ ಇದೆಯಾ ಅಂತಲೂ ನೋಡಿ. ಅದೇ 96 ಫ್ರೇಮ್ 25ರಲ್ಲಿ ಓಡಿದರೆ 3.84 ಸೆಕೆಂಡಿಗೇ ಮುಗಿಯುತ್ತೆ. ಆಗ ಲೀಡ್ ‘ಸ್ವಲ್ಪ ಅವಸರ ಆಯ್ತು’ ಅಂತಾರೆ, ನೀವು ಇಲ್ಲದ ತಪ್ಪನ್ನು ತಿದ್ದುತ್ತಾ ಕೂರುತ್ತೀರಿ.

ಈಗ ಶಾಟ್ ಒಪ್ಪಿಸುವ ಬಗ್ಗೆ. ದಿನದ ಕೊನೆಯ 20 ನಿಮಿಷ ಹೊಸ ಆ್ಯನಿಮೇಷನ್ ಮಾಡಬೇಡಿ. ಅದರಲ್ಲೂ ಬ್ಲಾಕಿಂಗ್‌ನ ಸ್ಟೆಪ್ಡ್ ಕೀಗಳನ್ನು ಹೊರಡುವ ಹೊತ್ತಿಗೆ ಸ್ಪ್ಲೈನ್‌ಗೆ ತಿರುಗಿಸಬೇಡಿ. ತಿರುಗಿಸಿದ ಕೂಡಲೇ ಭಂಗಿಗಳು ತೇಲಲು ಶುರುವಾಗುತ್ತವೆ, ಯಾವ ಭಂಗಿ ಎಷ್ಟು ಫ್ರೇಮ್ ನಿಲ್ಲಬೇಕಿತ್ತು ಅನ್ನುವುದು ನಿಮ್ಮ ತಲೆಯಲ್ಲಿ ಮಾತ್ರ ಉಳಿಯುತ್ತೆ. ಬ್ಲಾಕಿಂಗ್ ಮುಗಿದ ಮೇಲೆ ಕೊಡಿ, ಇಲ್ಲವೇ ಸ್ಪ್ಲೈನ್ ಪೂರ್ತಿ ಹದಕ್ಕೆ ಬಂದ ಮೇಲೆ ಕೊಡಿ. ನಡುವೆ ಬೇಡ.

ಆಮೇಲೆ ಎಲ್ಲರೂ ತೆರೆಯುವ ಫೋಲ್ಡರಿನಿಂದಲೇ ಆ ಫೈಲನ್ನು ಹೊಸದಾಗಿ ತೆರೆದು ನೋಡಿ. ನಿಮ್ಮ ಡಿಸ್ಕಿನ ಪಾತ್‌ನಲ್ಲಿ ರಿಗ್ ಇದ್ದರೆ ನಿಮಗೆ ಎಲ್ಲ ಸರಿ ಕಾಣುತ್ತೆ, ಇನ್ನೊಬ್ಬರಿಗೆ ಖಾಲಿ ಸೀನ್ ಸಿಗುತ್ತೆ. ಹಾಗಾಗಿ ರೆಫರೆನ್ಸ್ ಪಟ್ಟಿಯಲ್ಲಿ ಪ್ರತಿ ಪಾತ್ ಹಂಚಿಕೊಂಡ ಡ್ರೈವ್‌ನದೇ ಅಂತ ಖಾತ್ರಿ ಮಾಡಿಕೊಳ್ಳಿ. ಜೊತೆಗೆ ಇಷ್ಟು ಬರೆದಿಡಿ:

```
sh040_anim_v012.ma
ಮುಗಿದದ್ದು: 1001–1058 ಸ್ಪ್ಲೈನ್
ಬಾಕಿ: 1059–1096 ಇನ್ನೂ ಸ್ಟೆಪ್ಡ್
ಮುಟ್ಟಬೇಡಿ: ಸೊಂಟ
ಗೊತ್ತಿರುವ ತೊಂದರೆ: 1041ರಲ್ಲಿ ಎಡಗಾಲು ಜಾರುತ್ತೆ
ಈಗ ಶಾಟ್ ಯಾರದು: +1
```

ಬರೆಯುತ್ತಾ ‘ಬಾಕಿ’ ಸಾಲಿನಲ್ಲಿ ಹೀಗೆ ಅರ್ಧಕ್ಕೆ ನಿಂತದ್ದು ಕಂಡರೆ, ಆವತ್ತು ಒಪ್ಪಿಸಬೇಡಿ. ಮರುದಿನ ನೀವೇ ಮುಂದುವರಿಸಿ. ಕೊನೆಯ ಸಾಲನ್ನಂತೂ ಬಿಡಲೇಬೇಡಿ. ಇಬ್ಬರು ಒಂದೇ v012ರಿಂದ ಎರಡು v013 ಮಾಡಿದರೆ ಕರ್ವ್‌ಗಳನ್ನು ಆಮೇಲೆ ಕೂಡಿಸೋದು ಬಹಳ ಕಷ್ಟ.

ದಿನದ ಚೆಕ್-ಇನ್‌ಗೆ ಪ್ರತಿಯೊಬ್ಬರೂ ತಮ್ಮ ಬೆಳಿಗ್ಗೆ ಮೂರು ಸಾಲು ಬರೆದರೆ ಸಾಕು: ಯಾವ ಶಾಟ್ ಎತ್ತಿಕೊಂಡೆ, ಎಷ್ಟು ಹೊತ್ತಿಗೆ ಬಿಡುತ್ತೇನೆ, ಯಾರ ಉತ್ತರಕ್ಕೆ ಕಾಯ್ತಿದ್ದೇನೆ. ಉತ್ತರ ಬರದಿದ್ದರೆ ಏನು ಮಾಡ್ತೀನಿ ಅಂತಲೂ ಸೇರಿಸಿ, ಯಾಕಂದ್ರೆ ಲೀಡ್ ಏಳುವವರೆಗೆ ಸುಮ್ನೆ ಕೂರೋಕೆ ಆಗಲ್ಲ. ಲೈವ್ ಕಾಲನ್ನು ನೀವು ಮತ್ತು ಲೀಡ್ 15:00 ಯುಟಿಸಿಗೆ ಇಟ್ಟುಕೊಳ್ಳಿ, ರೆಕಾರ್ಡ್ ಮಾಡಿ +9ರವರಿಗೆ ಬಿಡಿ. ಅವರು ಕೇಳಿದ ಪ್ರಶ್ನೆಗಳನ್ನು ಆ ಕಾಲ್‌ನಲ್ಲಿ ಮೊದಲು ತೆಗೆದುಕೊಳ್ಳಿ. ಹೊತ್ತನ್ನು ಯಾವಾಗಲೂ ಯುಟಿಸಿಯಲ್ಲೇ ಬರೆಯಿರಿ. ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ದೇಶಗಳೆಲ್ಲ ಒಂದೇ ದಿನ ತಿರುಗಿಸುವುದಿಲ್ಲ. ಆ ವಾರಗಳಲ್ಲಿ ನಿಮ್ಮಿಬ್ಬರ ಎರಡು ಗಂಟೆ ಒಂದೋ ಮೂರೋ ಆಗಬಹುದು, ಮುಂಚೆಯೇ ನೋಡಿಟ್ಟುಕೊಳ್ಳಿ.