ಬಿಲ್ಡಿಂಗ್ ರಿವ್ಯಾಲ್ಯುಯೇಷನ್: ಎಂಟ್ರಿ, ರಿಸರ್ವ್ ಮತ್ತೆ ಆಮೇಲಿನ ಡಿಪ್ರಿಸಿಯೇಷನ್

ಪ್ರಶ್ನೆ: ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಎಎಸ್ 10 ಫಾಲೋ ಮಾಡ್ತೀವಿ. ಫ್ಯಾಕ್ಟರಿ ಬಿಲ್ಡಿಂಗ್ ಕಾಸ್ಟ್ 60 ಲಕ್ಷ, ಲೈಫ್ 30 ವರ್ಷ, 10 ವರ್ಷಕ್ಕೆ 20 ಲಕ್ಷ ಡಿಪ್ರಿಸಿಯೇಷನ್ ಆಗಿದೆ. ಈಗ ವ್ಯಾಲ್ಯುಯರ್ 50 ಲಕ್ಷ ಅಂದಿದ್ದಾರೆ. ಇದು 10 ಲಕ್ಷ ಲಾಸಾ? ಎಂಟ್ರಿ ಹೇಗೆ? ಜಾಸ್ತಿ ಆಗೋ ಡಿಪ್ರಿಸಿಯೇಷನ್ ರಿಸರ್ವಿಂದ ಕಳೀಬಹುದಾ?

ಲಾಸ್ ಅಲ್ಲ ಸರ್, 10 ಲಕ್ಷ ಏರಿದೆ. ವ್ಯಾಲ್ಯುಯರ್ ಕೊಟ್ಟ ರೇಟನ್ನ 60 ಲಕ್ಷದ ಜೊತೆ ಹೋಲಿಸಬಾರದು, ಪುಸ್ತಕದಲ್ಲಿ ಈಗ ಉಳಿದಿರೋ 40 ಲಕ್ಷದ ಜೊತೆ ಹೋಲಿಸ್ಬೇಕು. ಎಂಟ್ರಿಗೆ ಮುಂಚೆ ಎರಡು ವಿಷಯ ನೋಡ್ಕೊಳಿ. ಆ 50 ಲಕ್ಷ ಬರೀ ಬಿಲ್ಡಿಂಗ್‌ದಾ ಅಥವಾ ಜಾಗನೂ ಸೇರಿದ್ಯಾ ಅಂತ ರಿಪೋರ್ಟಲ್ಲಿ ಬೇರೆ ಬೇರೆ ಇರ್ಬೇಕು, ಯಾಕಂದ್ರೆ ಜಾಗಕ್ಕೆ ಡಿಪ್ರಿಸಿಯೇಷನ್ ಇಲ್ಲ. ಇನ್ನೊಂದು, ನಿಮ್ಮ ಹತ್ರ ಬೇರೆ ಬಿಲ್ಡಿಂಗ್‌ಗಳಿದ್ರೆ ರೇಟ್ ಏರಿರೋ ಒಂದನ್ನ ಮಾತ್ರ ಆರಿಸ್ಕೊಳ್ಳೋ ಹಾಗಿಲ್ಲ, ಆ ಕ್ಲಾಸಿನ ಎಲ್ಲಾದನ್ನೂ ರಿವ್ಯಾಲ್ಯೂ ಮಾಡ್ಬೇಕು.

ಎಂಟ್ರಿ ಹಾಕೋಕೆ ಎರಡು ದಾರಿ ಇದೆ, ನಾನು ಇಷ್ಟಪಡೋದು ಹಳೇ ಡಿಪ್ರಿಸಿಯೇಷನ್ನ ಪೂರ್ತಿ ಅಳಿಸೋ ದಾರಿ:

ಅಕ್ಯುಮುಲೇಟೆಡ್ ಡಿಪ್ರಿಸಿಯೇಷನ್ ಡೆಬಿಟ್ 20 ಲಕ್ಷ, ಬಿಲ್ಡಿಂಗ್ ಕ್ರೆಡಿಟ್ 20 ಲಕ್ಷ
ಬಿಲ್ಡಿಂಗ್ ಡೆಬಿಟ್ 10 ಲಕ್ಷ, ರಿವ್ಯಾಲ್ಯುಯೇಷನ್ ರಿಸರ್ವ್ ಕ್ರೆಡಿಟ್ 10 ಲಕ್ಷ

ಈಗ ಬಿಲ್ಡಿಂಗ್ ಲೆಡ್ಜರಲ್ಲಿ ನೇರ 50 ಲಕ್ಷ ಕಾಣುತ್ತೆ. ಟ್ಯಾಲಿ ಇದ್ರೆ ರಿಸರ್ವ್ ಲೆಡ್ಜರನ್ನ `Reserves & Surplus` ಗ್ರೂಪಲ್ಲಿ ಓಪನ್ ಮಾಡಿ, ಇನ್‌ಕಮ್ ಗ್ರೂಪಿಗೆ ಹಾಕ್ಬೇಡಿ, ಹಾಕಿದ್ರೆ ಆ 10 ಲಕ್ಷ ಲಾಭ ಆಗಿ ಕೂತ್ಕೊಳುತ್ತೆ. ಎರಡನೇ ದಾರಿಯಲ್ಲಿ ಕಾಸ್ಟ್ ಮತ್ತು ಡಿಪ್ರಿಸಿಯೇಷನ್ ಎರಡನ್ನೂ ಒಂದೇ ಪ್ರಮಾಣದಲ್ಲಿ ಏರಿಸ್ತಾರೆ, 60 ಹೋಗಿ 75, 20 ಹೋಗಿ 25, ಉಳಿಯೋದು ಅದೇ 50. ತಪ್ಪಾಗೋದು ಎಲ್ಲಿ ಅಂದ್ರೆ, ಬರೀ ಎರಡನೇ ಎಂಟ್ರಿ ಹಾಕಿ ಸುಮ್ನಾಗ್ತಾರೆ, ಆಗ ಗ್ರಾಸ್ 70, ಡಿಪ್ರಿಸಿಯೇಷನ್ 20, ನೆಟ್ 50 ಸರಿಯಾಗೇ ಇರುತ್ತೆ ಅದಕ್ಕೇ ಯಾರಿಗೂ ಡೌಟ್ ಬರಲ್ಲ, ಆದ್ರೆ ಮುಂದಿನ ವರ್ಷ 70ನ್ನ 30ರಿಂದ ಭಾಗಿಸಿ 2.33 ಲಕ್ಷ ಡಿಪ್ರಿಸಿಯೇಷನ್ ಹಾಕ್ಬಿಡ್ತಾರೆ.

ಸರಿಯಾದ್ದು 50 ಲಕ್ಷವನ್ನ ಉಳಿದಿರೋ 20 ವರ್ಷಕ್ಕೆ ಹಂಚೋದು, ಅಂದ್ರೆ ವರ್ಷಕ್ಕೆ 2.5 ಲಕ್ಷ. (ಲೆಕ್ಕ ಸುಲಭ ಆಗ್ಲಿ ಅಂತ ರೆಸಿಡ್ಯುಯಲ್ ವ್ಯಾಲ್ಯೂ ಬಿಟ್ಟಿದ್ದೀನಿ, ಬಾಕಿ ಲೈಫೂ ಬದಲಾಗಿಲ್ಲ ಅಂದ್ಕೊಂಡಿದ್ದೀನಿ.) ಮೊದಲು 2 ಲಕ್ಷ ಇತ್ತು, ಈಗ 50,000 ಜಾಸ್ತಿ. ಹಳೇ ಪದ್ಧತಿಯಲ್ಲಿ ಈ 50,000ವನ್ನ ರಿಸರ್ವಿಂದ ತೆಗೆದು ಪಿ ಅಂಡ್ ಎಲ್‌ಗೆ ಕ್ರೆಡಿಟ್ ಮಾಡ್ತಿದ್ರು, ಹಳೇ ಗೈಡುಗಳಲ್ಲಿ ಇನ್ನೂ ಹಾಗೇ ಇದೆ. 2016ರ ಪರಿಷ್ಕೃತ ಎಎಸ್ 10 ಬಂದ್ಮೇಲೆ ಅದಿಲ್ಲ, ಪೂರ್ತಿ 2.5 ಲಕ್ಷ ಪಿ ಅಂಡ್ ಎಲ್‌ಗೇ ಹೋಗ್ಬೇಕು, ಲಾಭ ಅಷ್ಟು ಕಮ್ಮಿ ಕಾಣುತ್ತೆ. ಬೇಕಿದ್ರೆ 50,000ವನ್ನ ರಿವ್ಯಾಲ್ಯುಯೇಷನ್ ರಿಸರ್ವ್ ಡೆಬಿಟ್, ಜನರಲ್ ರಿಸರ್ವ್ ಕ್ರೆಡಿಟ್ ಅಂತ ನೇರ ವರ್ಗಾಯಿಸಬಹುದು, ಮಧ್ಯೆ ಪಿ ಅಂಡ್ ಎಲ್ ಬರಲ್ಲ.

ಇದು ಕಡ್ಡಾಯ ಅಲ್ಲ, ಆದ್ರೂ ಪ್ರತಿ ವರ್ಷ ಮಾಡಿ ಅಂತೀನಿ. ಮಾಡಿದ್ರೆ ಒಂದು ಒಳ್ಳೇ ಚೆಕ್ ಸಿಗುತ್ತೆ: ಬಿಲ್ಡಿಂಗ್ ನೆಟ್ ವ್ಯಾಲ್ಯೂನಿಂದ ರಿಸರ್ವ್ ಬ್ಯಾಲೆನ್ಸ್ ಕಳೆದ್ರೆ, ರಿವ್ಯಾಲ್ಯೂನೇ ಮಾಡದಿದ್ರೆ ಎಷ್ಟಿರ್ತಿತ್ತೋ ಅಷ್ಟೇ ಬರ್ಬೇಕು. ಮೂರು ವರ್ಷ ಆದ್ಮೇಲೆ ನೆಟ್ 42.5 ಲಕ್ಷ, ರಿಸರ್ವ್ 8.5 ಲಕ್ಷ, ಕಳೆದ್ರೆ 34. ಹಳೇ ಲೆಕ್ಕದಲ್ಲೂ 60ರಲ್ಲಿ 13 ವರ್ಷದ 26 ಹೋದ್ರೆ 34. ಹೊಂದ್ಲಿಲ್ಲ ಅಂದ್ರೆ ಎಲ್ಲೋ ಡಿಪ್ರಿಸಿಯೇಷನ್ ಅಥವಾ ವರ್ಗಾವಣೆ ತಪ್ಪಿದೆ ಅಂತ.

ಇನ್‌ಕಮ್ ಟ್ಯಾಕ್ಸ್ ಡಿಪ್ರಿಸಿಯೇಷನ್ ಶೀಟನ್ನ ಮುಟ್ಬೇಡಿ, ಅಲ್ಲಿ ಕಾಸ್ಟ್ ಮೇಲಿನ ಲೆಕ್ಕವೇ ಮುಂದುವರಿಯುತ್ತೆ. ಮತ್ತೆ ಈ ರಿಸರ್ವಿಂದ ಬೋನಸ್ ಶೇರ್ ಕೊಡೋಕೆ ಆಗಲ್ಲ, ಕಂಪನಿ ಕಾಯ್ದೆ ಪ್ರಕಾರ ನೆಟ್‌ವರ್ತ್ ಲೆಕ್ಕಕ್ಕೂ ಇದು ಸೇರಲ್ಲ, ಇದನ್ನ ಡೈರೆಕ್ಟರ್‌ಗಳಿಗೆ ಮೊದಲೇ ಹೇಳಿಬಿಡಿ.

ಮೂರು ವರ್ಷದ ನಂತರ ಮತ್ತೆ ವ್ಯಾಲ್ಯೂ ಮಾಡಿಸಿ 30 ಲಕ್ಷ ಅಂತ ಬಂತು ಅನ್ಕೊಳಿ. 12.5 ಲಕ್ಷ ಇಳೀತು, ಅದ್ರಲ್ಲಿ ಮೊದಲ 8.5ನ್ನ ರಿಸರ್ವ್ ಹೊರುತ್ತೆ, ಮಿಕ್ಕ 4 ಲಕ್ಷ ಪಿ ಅಂಡ್ ಎಲ್‌ನಲ್ಲಿ ಖರ್ಚು. ಬದಲಿಗೆ ಆವಾಗ 45 ಲಕ್ಷಕ್ಕೆ ಮಾರಿದ್ರೆ ಪಿ ಅಂಡ್ ಎಲ್‌ಗೆ ಬರೋ ಲಾಭ 2.5 ಲಕ್ಷ ಮಾತ್ರ, ರಿಸರ್ವಲ್ಲಿರೋ 8.5ನ್ನ ನೇರ ಜನರಲ್ ರಿಸರ್ವಿಗೆ ಹಾಕ್ಬಹುದು.