ಕನ್ನಡ ಪ್ಯಾರಾ ಇಂಗ್ಲಿಷ್‌ಗೆ: ಕೊನೆಯ ಕ್ರಿಯಾಪದದಿಂದ ಶುರು ಮಾಡಿ

ಪ್ರಶ್ನೆ: ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮೊದಲ ಪತ್ರಿಕೆಯಲ್ಲಿ ಕನ್ನಡ ಪ್ಯಾರಾವನ್ನು ಇಂಗ್ಲಿಷ್‌ಗೆ ಮಾಡುವಾಗ ಪ್ರತಿ ಪದದ ಅರ್ಥ ಗೊತ್ತಿದ್ದರೂ ವಾಕ್ಯ ವಿಚಿತ್ರವಾಗಿ ಬರುತ್ತದೆ. ‘ಪದಕ್ಕೆ ಪದ ಜೋಡಿಸಿದ್ದೀಯ’ ಅಂತ ಮೇಷ್ಟ್ರು ಬೈತಾರೆ. ಮತ್ತೆ ಹೇಗೆ ಮಾಡಬೇಕು?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆ ಪತ್ರಿಕೆಯ 50 ಅಂಕಗಳಲ್ಲಿ ಅನುವಾದಕ್ಕೇ 20 ಇದೆ. ಹಾಗಾಗಿ ಒಂದು ಪ್ಯಾರಾವನ್ನು ಕೂತು ಬಿಡಿಸಿ ನೋಡೋಣ. ಇದು ನಾನೇ ಬರೆದದ್ದು, ಪರೀಕ್ಷೆಯಲ್ಲಿ ಬರುವ ಧಾಟಿಯಲ್ಲಿದೆ:

“ನಮ್ಮೂರಿನ ಕೆರೆಯನ್ನು ನೂರು ವರ್ಷಗಳ ಹಿಂದೆ ಊರಿನವರೇ ಕಟ್ಟಿದ್ದಾರೆ. ಬೇಸಿಗೆಯಲ್ಲೂ ಬತ್ತದ ಈ ಕೆರೆಯನ್ನು ನಂಬಿ ರೈತರು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಿದ್ದರು. ಆದರೆ ರಾಜಕಾಲುವೆಯನ್ನು ಒತ್ತುವರಿ ಮಾಡಿ ಮನೆ ಕಟ್ಟಿದ್ದರಿಂದ ಕೆರೆಗೆ ನೀರು ಬರುವುದು ನಿಂತಿತು. ಹೂಳು ತೆಗೆಸಬೇಕೆಂದು ಊರಿನವರು ಎಷ್ಟು ಸಲ ಕೇಳಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.”

ನಾವು ಕನ್ನಡವನ್ನು ಎಡದಿಂದ ಓದುತ್ತಾ, ಓದಿದ ಹಾಗೇ ಇಂಗ್ಲಿಷ್ ಬರೆಯುತ್ತಾ ಹೋಗುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಕನ್ನಡದಲ್ಲಿ ಮುಖ್ಯ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂತಿರುತ್ತದೆ. ಇಂಗ್ಲಿಷ್‌ಗೆ ಅದು ಕರ್ತೃವಿನ ಪಕ್ಕದಲ್ಲೇ ಬೇಕು. ಅದಕ್ಕೇ ಪೆನ್ನು ಓಡಿಸುವ ಮೊದಲು ಪೂರ್ಣವಿರಾಮದ ಹತ್ತಿರ ಹೋಗಿ, ಕೊನೆಯ ಕ್ರಿಯಾಪದಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆಮೇಲೆ ‘ಯಾರು?’ ಎಂದು ಕೇಳಿ. ಈ ಎರಡು ಸಿಕ್ಕಿದರೆ ಇಂಗ್ಲಿಷ್ ವಾಕ್ಯದ ಬೆನ್ನೆಲುಬು ಸಿಕ್ಕಿತು.

ಮೊದಲ ವಾಕ್ಯದಲ್ಲಿ ‘ಕಟ್ಟಿದ್ದಾರೆ’ಗೆ ಗೆರೆ ಬಿತ್ತು. ಯಾರು? ಊರಿನವರು. ಆದರೆ ಕನ್ನಡದಲ್ಲಿ ಕೆರೆ ಮುಂದೆ ಬಂದಿದೆ, ಯಾಕೆಂದರೆ ಮಾತು ಇರುವುದೇ ಕೆರೆಯ ಬಗ್ಗೆ. ‘ಅನ್ನು’ ಪ್ರತ್ಯಯ ಅಂಟಿಕೊಂಡಿರುವುದರಿಂದ ಕೆರೆಯನ್ನು ಎಲ್ಲಿಟ್ಟರೂ ನಮಗೆ ಗೊಂದಲವಿಲ್ಲ. ಇಂಗ್ಲಿಷ್‌ಗೆ ಆ ಪ್ರತ್ಯಯವಿಲ್ಲ, ಅಲ್ಲಿ ಎಲ್ಲವೂ ಜಾಗದ ಮೇಲೆ ನಿಂತಿದೆ. ಕೆರೆಯನ್ನು ಮುಂದೆಯೇ ಉಳಿಸಿಕೊಳ್ಳಬೇಕಾದರೆ ಕರ್ಮಣಿ ಪ್ರಯೋಗಕ್ಕೆ ಹೋಗಬೇಕು: “ಅವರ್ ವಿಲೇಜ್ ಟ್ಯಾಂಕ್ ವಾಸ್ ಬಿಲ್ಟ್ ಎ ಹಂಡ್ರೆಡ್ ಇಯರ್ಸ್ ಅಗೋ ಬೈ ದ ವಿಲೇಜರ್ಸ್ ದೆಮ್‌ಸೆಲ್ವ್ಸ್.” ವಾಕ್ಯದ ಶುರುವಿನಲ್ಲೇ ‘ಅನ್ನು’ ಕಂಡರೆ ಈ ದಾರಿ ನೆನಪಿರಲಿ. (ನೀರಾವರಿ ಕೆರೆಗೆ ನಮ್ಮ ಸರ್ಕಾರಿ ಇಂಗ್ಲಿಷ್‌ನಲ್ಲಿ ‘ಟ್ಯಾಂಕ್’ ಅನ್ನುತ್ತಾರೆ. ‘ಲೇಕ್’ ಬರೆದರೂ ತಪ್ಪೇನಿಲ್ಲ.)

ಇದೇ ವಾಕ್ಯದಲ್ಲಿ ಇನ್ನೆರಡು ಗುಂಡಿಗಳಿವೆ. ‘ಊರಿನವರೇ’ ಎಂಬುದರ ‘ಏ’ಗೆ ನಾವು ಸುಮ್ನೆ ‘ಓನ್ಲಿ’ ಹಾಕಿಬಿಡುತ್ತೇವೆ. ‘ವಿಲೇಜರ್ಸ್ ಓನ್ಲಿ ಬಿಲ್ಟ್’ ಅಂದರೆ ಇಂಗ್ಲಿಷ್ ಓದುವವನಿಗೆ ‘ಅವರು ಕಟ್ಟಿದರು ಅಷ್ಟೇ, ಬೇರೇನೂ ಮಾಡಲಿಲ್ಲ’ ಎಂದೂ ಅನಿಸಬಹುದು. ಇಲ್ಲಿ ಬೇಕಿರುವುದು ‘ದೆಮ್‌ಸೆಲ್ವ್ಸ್’. ಇನ್ನೊಂದು ಗುಂಡಿ ‘ಕಟ್ಟಿದ್ದಾರೆ’. ರೂಪ ನೋಡಿ ‘ಹ್ಯಾವ್ ಬಿಲ್ಟ್’ ಬರೆಯಲು ಕೈ ಹೋಗುತ್ತದೆ. ಕನ್ನಡದಲ್ಲಿ ‘ನಿನ್ನೆ ಬಂದಿದ್ದಾರೆ’ ಎನ್ನಬಹುದು. ಇಂಗ್ಲಿಷ್‌ನಲ್ಲಿ ನಿನ್ನೆ, ಹೋದ ವರ್ಷ, ನೂರು ವರ್ಷದ ಹಿಂದೆ ಎಂದು ಮುಗಿದುಹೋದ ಕಾಲ ಹೇಳಿದ ಮೇಲೆ ‘ಹ್ಯಾವ್’ ನಿಲ್ಲುವುದಿಲ್ಲ. ಬರೀ ಭೂತಕಾಲವೇ ಬೇಕು.

ಎರಡನೆಯ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ‘ತೆಗೆಯುತ್ತಿದ್ದರು’. ಈ ‘ಉತ್ತಿದ್ದರು’ ಜಾಸ್ತಿ ಜನರನ್ನು ಬೀಳಿಸುತ್ತದೆ. ಶಾಲೆಯಲ್ಲಿ ‘ಬರುತ್ತಿದ್ದರು’ ಅಂದರೆ ‘ವರ್ ಕಮಿಂಗ್’ ಎಂದು ಬಾಯಿಪಾಠ ಮಾಡಿರುತ್ತೇವೆ. ಆದರೆ ಕನ್ನಡದ ಈ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ‘ನಾನು ಹೋದಾಗ ಅವರು ಊಟ ಮಾಡುತ್ತಿದ್ದರು’ ಎಂಬುದು ಆ ಕ್ಷಣದ ಮಾತು, ಅಲ್ಲಿ ‘ವರ್ ಈಟಿಂಗ್’ ಸರಿ. ‘ಆಗ ಎರಡು ಬೆಳೆ ತೆಗೆಯುತ್ತಿದ್ದರು’ ಎಂಬುದು ಹಿಂದಿನ ರೂಢಿ, ಅಲ್ಲಿ ‘ಯೂಸ್ಡ್ ಟು’ ಬೇಕು. ಮುಂದೆ ‘ಪ್ರತಿ ವರ್ಷ’ ಎಂಬ ಮಾತು ಸೇರಿಸಿ ನೋಡಿ. ಹೊಂದಿಕೊಂಡರೆ ಅದು ರೂಢಿ.

‘ಬತ್ತದ ಕೆರೆ’ಯನ್ನು ‘ನಾಟ್ ಡ್ರೈಯಿಂಗ್ ಲೇಕ್’ ಮಾಡಬೇಡಿ. ಹೆಸರಿಗಿಂತ ಮೊದಲು ಬರುವ ಇಂಥ ಮಾತನ್ನು ಬಿಚ್ಚಿ, ಅದಕ್ಕೇ ಒಂದು ವಾಕ್ಯ ಕೊಡಿ. ‘ನಂಬಿ’ ಇಲ್ಲಿ ‘ಬಿಲೀವ್’ ಅಲ್ಲ, ಆ ಕೆರೆಯೇ ಅವರಿಗೆ ಗತಿ ಎಂಬ ಅರ್ಥ. ‘ತೆಗೆಯು’ ಕೂಡ ‘ರಿಮೂವ್’ ಅಲ್ಲ. ಹೀಗೆ ಬರೆಯಬಹುದು: “ಇಟ್ ನೆವರ್ ಡ್ರೈಡ್ ಅಪ್, ಈವನ್ ಇನ್ ಸಮ್ಮರ್, ಆ್ಯಂಡ್ ದ ಫಾರ್ಮರ್ಸ್ ಹೂ ಡಿಪೆಂಡೆಡ್ ಆನ್ ಇಟ್ ಯೂಸ್ಡ್ ಟು ಗ್ರೋ ಟೂ ಕ್ರಾಪ್ಸ್ ಎ ಇಯರ್.” ಇಲ್ಲಿ ‘ಈವನ್’ ಬಿಟ್ಟುಹೋಗಬಾರದು, ‘ಬೇಸಿಗೆಯಲ್ಲೂ’ ಎಂಬುದರ ‘ಊ’ ಅದರಲ್ಲೇ ಇದೆ. ಸಹಜವಾಗಿ ಬರೆಯಿರಿ ಅಂದರೆ ವಿಷಯ ಬಿಡಿ ಅಂತಲ್ಲ, ಇಲ್ಲದ್ದನ್ನು ಸೇರಿಸಿ ಅಂತಲೂ ಅಲ್ಲ.

ಮೂರನೆಯದರಲ್ಲಿ ಮನೆ ಕಟ್ಟಿದವರು ಯಾರು ಎಂದು ಕನ್ನಡ ಹೇಳಿಲ್ಲ. ಹೇಳದೆಯೂ ವಾಕ್ಯ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಕರ್ಮಣಿಗೆ ಹೋಗದಿದ್ದರೆ ಕರ್ತೃ ಬೇಕೇ ಬೇಕು. ನೀವು ‘ದ ಗವರ್ನಮೆಂಟ್’ ಎಂದೋ ‘ರಿಚ್ ಪೀಪಲ್’ ಎಂದೋ ಊಹಿಸಿ ತುಂಬಿದರೆ ತಪ್ಪು. ಬರೀ ‘ಪೀಪಲ್’ ಸಾಕು: “ಬಟ್ ಪೀಪಲ್ ಎನ್‌ಕ್ರೋಚ್ಡ್ ಆನ್ ದ ಫೀಡರ್ ಚಾನೆಲ್ ಆ್ಯಂಡ್ ಬಿಲ್ಟ್ ಹೌಸಸ್ ದೇರ್, ಸೋ ವಾಟರ್ ಸ್ಟಾಪ್ಡ್ ಫ್ಲೋಯಿಂಗ್ ಇಂಟು ದ ಟ್ಯಾಂಕ್.” ರಾಜಕಾಲುವೆಗೆ ಒಬ್ಬ ಹುಡುಗ ‘ಕಿಂಗ್ ಕೆನಾಲ್’ ಎಂದು ಬರೆದುಕೊಟ್ಟಿದ್ದ. ನಗು ಬಂತು, ಆದರೆ ಅವನ ಕಷ್ಟವೂ ಅರ್ಥವಾಯಿತು. ಪರೀಕ್ಷೆಯಲ್ಲಿ ಪದ ಹೊಳೆಯದಿದ್ದರೆ ಆ ವಸ್ತು ಮಾಡುವ ಕೆಲಸ ಹೇಳಿ: “ದ ಚಾನೆಲ್ ದಟ್ ಬ್ರಾಟ್ ವಾಟರ್ ಟು ದ ಟ್ಯಾಂಕ್”. ‘ಎನ್‌ಕ್ರೋಚ್’ ಮರೆತರೆ “ಟುಕ್ ಓವರ್” ಸಾಕು.

ಕೊನೆಯ ವಾಕ್ಯ ಬೇಗ ಮುಗಿಯುತ್ತದೆ. ‘ಎಷ್ಟು ಸಲ... ರೂ’ ಎಂಬುದು ಪ್ರಶ್ನೆಯಲ್ಲ, ಆದ್ದರಿಂದ ‘ಹೌ ಮೆನಿ ಟೈಮ್ಸ್’ ಬೇಡ. ಕಿವಿಯನ್ನೂ ಕನ್ನಡದಲ್ಲೇ ಬಿಡಿ: “ದ ವಿಲೇಜರ್ಸ್ ಆಸ್ಕ್ಡ್ ಅಗೇನ್ ಆ್ಯಂಡ್ ಅಗೇನ್ ಫಾರ್ ದ ಸಿಲ್ಟ್ ಟು ಬಿ ರಿಮೂವ್ಡ್, ಬಟ್ ನೋ ಒನ್ ಲಿಸನ್ಡ್.” ನೋಡಿ, ಹೂಳಿಗೆ ‘ರಿಮೂವ್’ ಸರಿಹೋಯಿತು, ಬೆಳೆಗೆ ಆಗಲಿಲ್ಲ.

ಬರೆದ ಮೇಲೆ ಎರಡು ನಿಮಿಷ ಉಳಿಸಿಕೊಳ್ಳಿ. ಕನ್ನಡ ಪ್ಯಾರಾವನ್ನು ಕೈಯಿಂದ ಮುಚ್ಚಿ, ನಿಮ್ಮ ಇಂಗ್ಲಿಷನ್ನಷ್ಟೇ ಓದಿ. ಕನ್ನಡ ಬಾರದ ಒಬ್ಬ ಅಧಿಕಾರಿ ಇದನ್ನು ಓದುತ್ತಿದ್ದಾರೆ ಅಂದುಕೊಳ್ಳಿ. ಯಾವ ವಾಕ್ಯಕ್ಕೆ ನಿಮಗೇ ಕೈ ಎತ್ತಿ ಕನ್ನಡ ನೋಡಬೇಕು ಅನಿಸುತ್ತದೋ, ಪದಕ್ಕೆ ಪದ ಬಿದ್ದಿರುವುದು ಅಲ್ಲೇ. “ಫಾರ್ಮರ್ಸ್ ವರ್ ರಿಮೂವಿಂಗ್ ಟೂ ಕ್ರಾಪ್ಸ್” ಅಂತ ಓದಿದರೆ ಆ ಅಧಿಕಾರಿ ಕೇಳುತ್ತಾರೆ: ಬೆಳೆದದ್ದನ್ನು ಯಾಕಪ್ಪಾ ಕಿತ್ತುಹಾಕಿದರು?